ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್

ನಾನು ಬರೆದ ಸ್ವಾಗತ ಭಾಷಣವನ್ನು ಬೆಂಗಳೂರಿನ ದುಭಾಷಿಯೊಬ್ಬರು ತುಂಬ ಕೆಂಪು ಗೆರೆ ಹಾಕಿ ವಾಪಸ್ ಕಳಿಸಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾಲೇಜಿನಲ್ಲಿ ವರ್ಷಗಟ್ಟಲೆ ಕನ್ನಡ ಪಾಠ ಮಾಡಿದವಳು ನಾನು. ಬೇರೆಯವರ ಹಾಳೆಗೆ ಕೆಂಪು ಗೆರೆ ಹಾಕಿ ಅಭ್ಯಾಸವೇ ಹೊರತು ಹಾಕಿಸಿಕೊಂಡು ಅಲ್ಲ. ಕೆಲಸ ಬಿಟ್ಟು ಮೂಡಿಗೆರೆ ಕಡೆಯ ನಮ್ಮ ಸಣ್ಣ ತೋಟ ನೋಡಿಕೊಳ್ಳಲು ಬಂದ ಮೇಲೆ ಬೆಳೆಗಾರರ ಸಂಘದವರು ನನ್ನನ್ನು ಕಾರ್ಯದರ್ಶಿ ಮಾಡಿಕೊಂಡಿದ್ದರು. ಕಾರ್ಯದರ್ಶಿ ಎಂದರೆ ನಮ್ಮಲ್ಲಿ ಎಲ್ಲರ ಭಾಷಣ ಬರೆದುಕೊಡುವವಳು ಎಂದೇ ಅರ್ಥ.

ಆ ವರ್ಷ ಚಿಕ್ಕಮಗಳೂರಿನ ಹೋಟೆಲೊಂದರ ದೊಡ್ಡ ಹಾಲ್‌ನಲ್ಲಿ ಸಂಘದ ಸಮಾವೇಶವಿತ್ತು. ಹೊರದೇಶಗಳಿಂದಲೂ ಕಾಫಿ ಬೆಳೆಯುವವರು, ಕೊಳ್ಳುವವರು ಬರುವವರಿದ್ದರು. ಹಿಂದಿನ ಸಮಾವೇಶದಲ್ಲಿ ಒಂದು ಅವಮಾನ ಆಗಿತ್ತು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದು, ಕಳಸದ ಕಡೆಯಿಂದ ಬಸ್ ಮಾಡಿಕೊಂಡು ಬಂದಿದ್ದ ಸಣ್ಣ ಬೆಳೆಗಾರರು ಸುಮ್ಮನೆ ಕೂತು, ಊಟ ಮಾಡಿ, ಎದ್ದು ಹೋಗಿದ್ದರು. ಯಾರೂ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ವಾಸಿಯಿತ್ತು. ಅದಕ್ಕೇ ಈ ಸಲ ಏಕಕಾಲದ ಅನುವಾದ ಮಾಡಿಸೋಣ ಎಂದು ತೀರ್ಮಾನವಾಯಿತು. ಹಾಲ್‌ನ ಹಿಂದೆ ಒಂದು ಗಾಜಿನ ಕೋಣೆ. ಅದರಲ್ಲಿ ಇಬ್ಬರು ದುಭಾಷಿಗಳು. ವೇದಿಕೆಯಲ್ಲಿ ಕನ್ನಡ ಮಾತಾಡಿದರೆ ಅವರು ಆಗಲೇ ಇಂಗ್ಲಿಷಿನಲ್ಲಿ ಹೇಳುತ್ತಾರೆ, ಇಂಗ್ಲಿಷ್ ಮಾತಾಡಿದರೆ ಕನ್ನಡದಲ್ಲಿ. ಕೇಳುವವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಮಗೆ ಬೇಕಾದ ಚಾನೆಲ್ ಹಾಕಿಕೊಂಡರಾಯಿತು.

ಸ್ವಾಗತ ಭಾಷಣ ಮಾಡಬೇಕಾದವರು ನಮ್ಮ ಅಧ್ಯಕ್ಷರು. ದೊಡ್ಡ ಎಸ್ಟೇಟಿನ ಯಜಮಾನರು, ದೂರದಿಂದ ನನಗೆ ನೆಂಟರು. ನಾನು ಅಣ್ಣ ಎನ್ನುತ್ತೇನೆ, ಅವರ ಹೆಂಡತಿಗೆ ಅತ್ತಿಗೆ ಎನ್ನುತ್ತೇನೆ. ಅಣ್ಣ ಮೈಕ್ ಹಿಡಿದರೆ ಬಿಡುವವರಲ್ಲ ಎಂದು ಜಿಲ್ಲೆಗೆಲ್ಲ ಗೊತ್ತಿತ್ತು. ಒಂದು ವಾಕ್ಯ ಶುರು ಮಾಡಿದರೆ ಅದು ಚಾರ್ಮಾಡಿ ಘಾಟಿಯ ಹಾಗೆ ಸುತ್ತಿ ಸುತ್ತಿ ಇಳಿಯುತ್ತಿತ್ತು. ಆದರೆ ಸಮಾವೇಶದ ಹಿಂದಿನ ವರ್ಷ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸರಿಹೋಯಿತು. ಮಾತು ಹೋಗಲಿಲ್ಲ, ಆದರೆ ಒಡೆದುಹೋಯಿತು. ತಲೆಯಲ್ಲಿ ಎಲ್ಲ ಇದೆ, ಬೇಕಾದ ಪದ ಬೇಕಾದಾಗ ಬಾಯಿಗೆ ಬರುವುದಿಲ್ಲ. ಅರ್ಧ ವಾಕ್ಯ ಹೇಳಿ ನಿಂತುಬಿಡುತ್ತಿದ್ದರು. ಉಳಿದರ್ಧವನ್ನು ಅತ್ತಿಗೆ ಹೇಳಿ ಮುಗಿಸುತ್ತಿದ್ದರು.

ಮೊದಮೊದಲು ಅದು ಸಹಾಯವೇ ಆಗಿತ್ತು. ಬರಬರುತ್ತಾ ಜನ ಅಣ್ಣನನ್ನು ಕೇಳುವುದನ್ನೇ ಬಿಟ್ಟರು. ಅವರ ಎದುರೇ ನಿಂತು, "ಸರ್ ಹೇಗಿದಾರೆ, ಸರ್‌ಗೆ ಕಾಫಿ ಬೇಕಂತಾ?" ಎಂದು ಅತ್ತಿಗೆಯನ್ನು ಕೇಳುತ್ತಿದ್ದರು. ಅತ್ತಿಗೆಯೂ ಅವರ ಮುಖ ನೋಡದೆ ಉತ್ತರ ಕೊಡುತ್ತಿದ್ದರು. ಆಗ ಅಣ್ಣನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಕಮಿಟಿಯಲ್ಲಿ ಉಪಾಧ್ಯಕ್ಷರೇ ಸ್ವಾಗತ ಮಾಡಲಿ ಎಂದು ಮಾತು ಬಂದಾಗ ಅಣ್ಣ ಮೇಜಿನ ಮೇಲೆ ಕೈಯಿಟ್ಟು, "ನಾನು... ನಾನೇ," ಎಂದರು. ಮತ್ತೆ ಯಾರಿಗೂ ಬಾಯಿ ಬರಲಿಲ್ಲ. ಆಚೆ ಬಂದ ಮೇಲೆ ಮಾತ್ರ ಎಲ್ಲರಿಗೂ ಬಂತು. "ಹೊರಗಿನವರ ಎದುರು ನಿಂತುಬಿಟ್ರೆ ಎಂತ ಮಾಡದು?" ಎಂದು ಉಪಾಧ್ಯಕ್ಷರು ನನ್ನನ್ನು ಕೇಳಿದರು. "ನಿಂತ್ರೆ ನಿಲ್ಲಲಿ, ಬಸ್ಸೇನೂ ಹೋಗಲ್ಲ," ಎಂದು ನಾನು ಜೋರು ಮಾಡಿದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ನನಗೂ ಅದೇ ಹೆದರಿಕೆ. ಅವರು ಅಲ್ಲಿ ನಿಂತುಹೋಗಿ, ಬೇರೆ ಯಾರೋ ಹಾಳೆ ಕಿತ್ತುಕೊಂಡು ಓದಿದರೆ, ಆಮೇಲೆ ಅಣ್ಣ ಇನ್ನೊಂದು ಸಭೆಯಲ್ಲಿ ಬಾಯಿ ತೆರೆಯುವುದು ಸುಳ್ಳು ಎನ್ನಿಸಿತ್ತು.

ಹಾಗಾಗಿ ಭಾಷಣವನ್ನು ಬಹಳ ಚೆಂದ ಬರೆದೆ. ಕನ್ನಡದಲ್ಲಿ ಒಂದು ವಾಕ್ಯ, ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಂದು. ನಮ್ಮ ವೇದಿಕೆಗಳ ರೂಢಿಯೇ ಅದು. ಹೊರಗಿನವರು ಬಂದರೆ ಎರಡೂ ಭಾಷೆಯಲ್ಲಿ ಹೇಳಿದರೆ ಮರ್ಯಾದೆ. ಸಹ್ಯಾದ್ರಿಯ ಮಡಿಲು, ಹೂಮಳೆಯ ನಂತರ ಕಾಫಿ ಅರಳಿ ಬೆಟ್ಟವೆಲ್ಲ ಬಿಳುಪು, ತಲೆಮಾರುಗಳ ಬೆವರು, ಎಲ್ಲ ಸೇರಿಸಿ, ಕೊನೆಗೊಂದು 'ಸ್ವಾಗತಿಸಲು ಹರ್ಷಿಸುತ್ತೇನೆ'ಗೆ ಬರುವಷ್ಟರಲ್ಲಿ ಮೊದಲ ವಾಕ್ಯವೇ ಅರ್ಧ ಪುಟ. ಅದನ್ನು ದುಭಾಷಿಗೆ ಕಳಿಸಿದೆ. ಮರುದಿನ ಕೆಂಪು ಗೆರೆ ಬಂತು, ಹಿಂದೆಯೇ ಫೋನೂ ಬಂತು.

"ಮೇಡಂ, ಕನ್ನಡ ಬಹಳ ಚೆನ್ನಾಗಿದೆ," ಎಂದರು ಆಕೆ. ಬೈಯುವ ಮೊದಲು ಹೀಗೆ ಹೇಳುವುದು ನನಗೂ ಗೊತ್ತು, ಕ್ಲಾಸಿನಲ್ಲಿ ನಾನೂ ಹೇಳಿದವಳೇ. "ಆದ್ರೆ ಈ ವಾಕ್ಯದಲ್ಲಿ ಏನಾಯ್ತು ಅನ್ನೋದು ಕಟ್ಟಕಡೆಗೆ ಬರುತ್ತೆ. ಅದು ಬರೋವರೆಗೂ ನಾನು ಇಂಗ್ಲಿಷಲ್ಲಿ ಶುರು ಮಾಡೋಕೆ ಆಗಲ್ಲ. ಬಾಯಿ ಮುಚ್ಚಿಕೊಂಡು ಎಲ್ಲ ತಲೆಯಲ್ಲಿ ಹೊತ್ಕೊಂಡು ಕೂರ್ಬೇಕು. ಅಷ್ಟರಲ್ಲಿ ಅವರು ಮುಂದಿನ ವಾಕ್ಯಕ್ಕೆ ಹೋಗಿರ್ತಾರೆ."

"ಪೂರ್ತಿ ಭಾಷಣ ಮೊದಲೇ ನಿಮ್ಮ ಕೈಯಲ್ಲಿದೆಯಲ್ಲ, ಇಂಗ್ಲಿಷ್ ಓದಿಬಿಡಿ," ಎಂದೆ.

"ಓದಬಹುದು. ಅವರು ಒಂದು ಸಾಲು ಬಿಟ್ಟರೆ, ಒಂದು ಸಾಲು ಸೇರಿಸಿದರೆ? ಅವರು ಹೇಳದೇ ಇದ್ದಿದ್ದನ್ನ ನಾನು ಹೇಳಿದ ಹಾಗಾಗುತ್ತೆ. ಹಾಳೆ ನನಗೆ ತಯಾರಿಗೆ ಮಾತ್ರ ಮೇಡಂ. ಹೇಳೋದು ಅವರ ಬಾಯಿಂದ ಬಂದಿದ್ದನ್ನೇ."

ಒಂದೊಂದು ವಾಕ್ಯವನ್ನೂ ಎರಡೂ ಭಾಷೆಯಲ್ಲಿ ಹೇಳಿಸುವುದಂತೂ ಬೇಡವೇ ಬೇಡ ಎಂದರು. ಹಾಗೆ ಮಾಡಿದರೆ ಹೆಡ್‌ಫೋನ್ ಹಾಕಿಕೊಂಡವರಿಗೆ ಎಲ್ಲವೂ ಎರಡೆರಡು ಸಲ ಕೇಳುತ್ತದೆ. ಭಾಷೆ ಬದಲಾದಾಗಲೆಲ್ಲ ದುಭಾಷಿ ತನ್ನ ಮಾತು ಯಾವ ಚಾನೆಲ್‌ಗೆ ಹೋಗಬೇಕು ಎಂದು ಗುಂಡಿ ಒತ್ತಿ ಬದಲಿಸಬೇಕು. ಸಾಲುಸಾಲಿಗೂ ಬದಲಿಸುತ್ತಾ ಕೂತರೆ ತಪ್ಪು ಚಾನೆಲ್‌ಗೆ ಹೋಗುವುದು ಗ್ಯಾರಂಟಿ. "ನಿಮಗೆ ನಂಬಿಕೆ ಬರದಿದ್ರೆ ಒಂದು ಕೆಲಸ ಮಾಡಿ. ಟಿವಿಯಲ್ಲಿ ಕನ್ನಡ ವಾರ್ತೆ ಹಾಕ್ಕೊಂಡು, ಅವರು ಹೇಳ್ತಿರೋ ಹಾಗೇ ಇಂಗ್ಲಿಷಲ್ಲಿ ಹೇಳ್ತಾ ಹೋಗಿ."

ಇದೇನು ಮಹಾ ಎಂದುಕೊಂಡು ಟಿವಿ ಹಾಕಿದೆ. ಮೊದಲ ವಾಕ್ಯ ಹೇಗೋ ದಾಟಿದೆ. ಎರಡನೆಯದರಲ್ಲಿ ಒಬ್ಬ ಸಚಿವರು, ಒಂದು ಸೇತುವೆ, ಒಂದು ಆರೋಪ, ಎಲ್ಲ ಬಂದು ನಿಂತವು; ಸಚಿವರು ಸೇತುವೆ ಕಟ್ಟಿದರೋ, ಕೆಡವಿದರೋ, ಅಲ್ಲಗಳೆದರೋ ಇನ್ನೂ ಗೊತ್ತಿಲ್ಲ. ಗೊತ್ತಾಗುವಷ್ಟರಲ್ಲಿ ವಾರ್ತೆಯವಳು ಹವಾಮಾನಕ್ಕೆ ಹೋಗಿದ್ದಳು. ನನ್ನ ಕೂಗಾಟ ಕೇಳಿ ಅಡುಗೆಮನೆಯಿಂದ ಕೆಲಸದಾಕೆ ಬಂದು, "ಯಾರ ಹತ್ರ ಜಗಳ ಆಡ್ತಿದೀರಮ್ಮ?" ಎಂದು ಕೇಳಿದಳು. ಟಿವಿ ಆರಿಸಿ, ಮರ್ಯಾದೆಯಿಂದ ಪೆನ್ನು ಹಿಡಿದು ಕೂತೆ.

ನನ್ನ ಘಾಟಿಯಂಥ ವಾಕ್ಯವನ್ನು ಒಡೆದೆ. ಒಂದು ವಾಕ್ಯಕ್ಕೆ ಒಂದೇ ಸಂಗತಿ. ಯಾರು, ಏನು, ಮುಗಿಯಿತು. 'ಈ ಬೆಟ್ಟದಲ್ಲಿ ನಾವು ನೆರಳಿನಲ್ಲಿ ಕಾಫಿ ಬೆಳೆಯುತ್ತೇವೆ. ನೆರಳಿನ ಮರ ನಮ್ಮದು. ಮಳೆ ನಮ್ಮ ಕೈಯಲ್ಲಿಲ್ಲ.' ಬರೆಯುವಾಗ ಮೂರನೇ ಕ್ಲಾಸಿನ ಪಾಠ ಬರೆಯುತ್ತಿದ್ದೇನೆ ಎನ್ನಿಸಿ ಹೊಟ್ಟೆ ಉರಿಯಿತು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಕನ್ನಡ, ಬಲಕ್ಕೆ ಅದರದೇ ಇಂಗ್ಲಿಷ್ ಹಾಕಿದೆ. ಪ್ಯಾರಾಗಳಿಗೆ ಎರಡೂ ಕಡೆ ಒಂದೇ ನಂಬರು. ವೇದಿಕೆಯಲ್ಲಿ ಯಾವ ಪ್ಯಾರಾ ಯಾವ ಭಾಷೆಯಲ್ಲಿ ಎಂಬುದನ್ನು ದಪ್ಪಕ್ಷರದಲ್ಲಿ ತೋರಿಸಿದೆ. ಹೊರದೇಶದವರಿಗೆ ಹೇಳುವ ಒಂದು ಪ್ಯಾರಾ ಮಾತ್ರ ಇಂಗ್ಲಿಷ್, ಉಳಿದದ್ದು ಕನ್ನಡ. ಮರಗಸಿ ಎಂದರೆ ನೆರಳಿನ ಮರಗಳ ರೆಂಬೆ ಕಡಿಯುವುದು, ಪಾರ್ಚ್‌ಮೆಂಟ್ ಎಂದರೆ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ ಎಂದು ನಮ್ಮ ತೋಟದ ಮಾತುಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಕಳಿಸಿದೆ. ವೇದಿಕೆಯ ಗಣ್ಯರ ಹೆಸರು ಹೇಳುವ ಕೆಲಸವನ್ನು ಅಣ್ಣನಿಂದ ತೆಗೆದು ನಿರೂಪಕಿಗೆ ಕೊಟ್ಟೆ. ಅದಕ್ಕೆ ಕಮಿಟಿಯಲ್ಲಿ ದೊಡ್ಡ ಗಲಾಟೆ. ಅಧ್ಯಕ್ಷರ ಬಾಯಲ್ಲೇ ತಮ್ಮ ಹೆಸರು ಬರಬೇಕು ಎಂದು ಆಸೆಪಟ್ಟವರು ಇಬ್ಬರು ನನ್ನ ಜೊತೆ ಆಮೇಲೆ ವಾರಗಟ್ಟಲೆ ಮಾತಾಡಲಿಲ್ಲ. ಅದರಿಂದ ನನಗೆ ನಷ್ಟವೇನೂ ಆಗಲಿಲ್ಲ.

ಹಾಳೆ ಹಿಡಿದು ಅಣ್ಣನ ಮನೆಗೆ ಹೋದೆ. ಕಾಫಿ ಆದ ಮೇಲೆ ಜಗಲಿಯಲ್ಲಿ ಓದಿಸಿದೆ. ಪಕ್ಕದಲ್ಲಿ ಅತ್ತಿಗೆ. ಅಣ್ಣ, "ಈ ಬೆಟ್ಟದಲ್ಲಿ... ನಾವು..." ಎಂದರು. ಅತ್ತಿಗೆ, "ನೆರಳಿನಲ್ಲಿ ಕಾಫಿ ಬೆಳೆಯುತ್ತೇವೆ," ಎಂದು ಮುಗಿಸಿದರು.

"ಅತ್ತಿಗೆ, ನೀವು ಭಾಷಣಕ್ಕೆ ನಿಂತಿಲ್ಲ," ಎಂದೆ.

"ನಾನು ಹೇಳ್ಕೊಡದಿದ್ರೆ ಅವ್ರಿಗೆ ಆಗಲ್ಲ ಕಣೇ. ನಿಂಗೆ ಎಂತ ಗೊತ್ತು?" ನನಗೂ ಸಿಟ್ಟು ಬಂತು, ಅವರಿಗೂ ಬಂತು. ಅವರು ಎದ್ದು ಒಳಗೆ ಹೋದರು.

ಅಣ್ಣ ಹಾಳೆ ನೋಡುತ್ತಾ ಕೂತರು. ಆಮೇಲೆ ಮೊದಲಿನಿಂದ ಶುರು ಮಾಡಿದರು. ನಿಧಾನವಾಗಿ, ನಡುವೆ ತಡೆದು, ಆದರೂ ವಾಕ್ಯ ಮುಗಿಯಿತು. ಇನ್ನೊಂದು ಮುಗಿಯಿತು. ಮುಗಿಸುವಷ್ಟು ಚಿಕ್ಕದಾಗಿದ್ದವು ಆ ವಾಕ್ಯಗಳು. ದುಭಾಷಿಗೆಂದು ನಾನು ಹಲ್ಲು ಕಚ್ಚಿಕೊಂಡು ಒಡೆದ ಸಾಲುಗಳು ಅಣ್ಣನ ಉಸಿರಿಗೆ ಸರಿಹೊಂದಿದ್ದವು. ನನ್ನ ಮೊದಲ ಭಾಷಣ ಕೊಟ್ಟಿದ್ದರೆ ಅವರು ಅರ್ಧ ಪುಟವೂ ದಾಟುತ್ತಿರಲಿಲ್ಲ. ಕಾಫಿ ಗಿಡ ಕೊರೆಯುವ ಹುಳದ ಸಾಲಿನಲ್ಲಿ 'ಕಾಂಡಕೊರಕ' ಎಂಬ ಪದದ ಹತ್ತಿರ ಮಾತ್ರ ಸಿಕ್ಕಿಬಿದ್ದರು. ಎಷ್ಟು ಒದ್ದಾಡಿದರೂ ಆ ಪದ ಬರಲಿಲ್ಲ. ಕಣ್ಣು ಬಲಗಡೆಗೆ ಹೋಯಿತು. "ಸ್ಟೆಮ್ ಬೋರರ್," ಎಂದು ಥಟ್ಟನೆ ಅಂದುಬಿಟ್ಟರು. ಊಟಿಯ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ ಬೆಳೆದವರು ಅವರು. ಒಂದು ಭಾಷೆಯಲ್ಲಿ ಬಾರದ ಪದ ಕೆಲವೊಮ್ಮೆ ಇನ್ನೊಂದರಲ್ಲಿ ಬರುತ್ತಿತ್ತು.

ದುಭಾಷಿಗೆ ಮಾತ್ರ ಜೋಡಿ ಹಾಳೆ ಸಾಕು, ಅಣ್ಣನಿಗೆ ಗೊಂದಲವಾಗದಂತೆ ಬರೀ ದಪ್ಪಕ್ಷರದ ಸಾಲುಗಳನ್ನು ಬರೆದು ಕೊಡೋಣ ಎಂದುಕೊಂಡಿದ್ದೆ. ಅವರು ಹಾಳೆ ಬಿಡಲಿಲ್ಲ. "ಇದೇ... ಇರಲಿ ಮಾರಾಯ್ತಿ," ಎಂದರು.

ಸಮಾವೇಶದ ದಿನ ಬೆಳಿಗ್ಗೆ ದುಭಾಷಿಗಳಿಬ್ಬರೂ ಬೇಗ ಬಂದಿದ್ದರು. ಫೋನಿನಲ್ಲಿ ನನ್ನನ್ನು ಬಗ್ಗಿಸಿದ ಆಕೆ ನನಗಿಂತ ಎಷ್ಟೋ ಚಿಕ್ಕವರು. ಗಾಜಿನ ಕೋಣೆಯಿಂದ ವೇದಿಕೆ ಕಾಣುತ್ತದೋ, ಮೈಕಿನ ಸದ್ದು ಸರಿಯಾಗಿ ಕಿವಿಗೆ ಬರುತ್ತದೋ ನೋಡಿಕೊಂಡು, ನೇರವಾಗಿ ಅಣ್ಣನ ಹತ್ತಿರ ಬಂದರು. "ನಿಮ್ಮ ದನಿ ಒಂದು ಸಲ ಕೇಳ್ಬೇಕಿತ್ತು ಸರ್. ಪ್ರಯಾಣ ಹೇಗಿತ್ತು?"

"ಚೆನ್ನಾಗಿತ್ತು, ರಸ್ತೆ ಮಾತ್ರ—" ಎಂದು ಅತ್ತಿಗೆ ಶುರು ಮಾಡಿದರು. ಆಕೆ ಅತ್ತಿಗೆಗೆ ನಕ್ಕು, ಮತ್ತೆ ಅಣ್ಣನನ್ನೇ ನೋಡುತ್ತಾ ನಿಂತರು. ಸುಮ್ಮನೆ ನಿಂತರು. ಅಷ್ಟು ಹೊತ್ತು ಯಾರೂ ಅಣ್ಣನಿಗಾಗಿ ನಿಂತದ್ದನ್ನು ನಾನು ನೋಡಿರಲಿಲ್ಲ. "ರಸ್ತೆ... ಕೆಟ್ಟಿದೆ," ಎಂದರು ಅಣ್ಣ.

ಭಾಷೆ ಬದಲಿಸುವಾಗ ಒಂದು ಕೈ ಎತ್ತಿ, ಸ್ವಲ್ಪ ನಿಲ್ಲಿಸಿ, ಆಮೇಲೆ ಶುರು ಮಾಡಿ ಎಂದು ಆಕೆ ಕೇಳಿಕೊಂಡರು. "ಎಲ್ಲಿ ಬೇಕಾದ್ರೂ ನಿಲ್ಲಿಸಿ ಸರ್. ನೀವು ನಿಂತ್ರೆ ನಾನೂ ನಿಲ್ತೀನಿ. ನನ್ನ ಕೈಯಲ್ಲಿ ಹಾಳೆ ಇದ್ರೂ ನಿಮಗಿಂತ ಮುಂದೆ ಹೋಗಲ್ಲ. ನಾನು ಯಾವಾಗ್ಲೂ ನಿಮ್ಮ ಹಿಂದೆ."

ಅತ್ತಿಗೆ ಕೇಳಿಸಿಕೊಂಡರು.

ನಿರೂಪಕಿ ಹೆಸರುಗಳನ್ನೆಲ್ಲ ಹೇಳಿ, ಕನ್ನಡ ಒಂದನೇ ಚಾನೆಲ್, ಇಂಗ್ಲಿಷ್ ಎರಡನೆಯದು ಎಂದು ತಿಳಿಸಿ, ಅಣ್ಣನನ್ನು ಕರೆದಳು. ಮುಂದಿನ ಸಾಲಿನಲ್ಲಿ ನಾನು ಮತ್ತು ಅತ್ತಿಗೆ. ಕಳಸದವರು ನಡುವಿನ ಸಾಲುಗಳಲ್ಲಿ ಕೂತಿದ್ದರು. ಹೆಡ್‌ಫೋನನ್ನು ಟವೆಲಿನ ಹಾಗೆ ಕುತ್ತಿಗೆಗೆ ಹಾಕಿಕೊಂಡಿದ್ದರು. ಅಧ್ಯಕ್ಷರು ಕನ್ನಡ ಮಾತಾಡುವಾಗ ಅದರ ಅಗತ್ಯವೇನು?

ಮೊದಲ ಪ್ಯಾರಾಗಳು ನಡೆದವು. ನಿಧಾನ, ಆದರೆ ನಡೆದವು. ನಾನು ಹೆಡ್‌ಫೋನಿನ ಒಂದು ಕಿವಿಯಲ್ಲಿ ಇಂಗ್ಲಿಷ್ ಚಾನೆಲ್ ಇಟ್ಟುಕೊಂಡಿದ್ದೆ. ಆಕೆ ಅಣ್ಣನ ಮಾತನ್ನು 'ನಾನು', 'ನಾವು' ಎಂದೇ ಹೇಳುತ್ತಿದ್ದರು, ಅವರೇ ಅಣ್ಣ ಎನ್ನುವ ಹಾಗೆ. ಅಣ್ಣ ಕೈ ಎತ್ತಿ, ನಿಂತು, ಹೊರದೇಶದವರ ಪ್ಯಾರಾವನ್ನು ಇಂಗ್ಲಿಷಿನಲ್ಲಿ ಹೇಳಿದರು. ಮತ್ತೆ ಕೈ ಎತ್ತಿ ಕನ್ನಡಕ್ಕೆ ಬಂದರು. ನಾನು ಉಸಿರು ಬಿಟ್ಟೆ. ಬಿಡಬಾರದಿತ್ತು.

ಮುಂದಿನದು ಕಳಸದವರಿಗೆಂದೇ ಬರೆದ ಪ್ಯಾರಾ. ಅಣ್ಣನೇ ಹೇಳಿ ಬರೆಸಿದ್ದು. "ಹೋದ ಸಲ..." ಎಂದರು. ನಿಂತರು. "ಹೋದ ಸಲ..." ಮತ್ತೆ ನಿಂತರು.

ಹಾಲ್ ಪೂರ್ತಿ ಸದ್ದಿಲ್ಲ. ನನ್ನ ಕಿವಿಯಲ್ಲೂ ಸದ್ದಿಲ್ಲ. ಆ ವಾಕ್ಯ ಪೂರ್ತಿ ಎದುರಿಗಿದ್ದರೂ ಗಾಜಿನ ಕೋಣೆಯಾಕೆ ತುಟಿ ಬಿಚ್ಚಲಿಲ್ಲ. ಅತ್ತಿಗೆ ಅರ್ಧ ಎದ್ದೇಬಿಟ್ಟರು, ಬಾಯಿಗೆ ಮಾತು ಬಂದಾಗಿತ್ತು. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಬಿಡಿಸಿಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. ವೇದಿಕೆಯ ಮೇಲೆ ಉಪಾಧ್ಯಕ್ಷರು ಕುರ್ಚಿಯಿಂದ ಮುಂದೆ ಬಗ್ಗಿ ಹಾಳೆಗೆ ಕೈ ಚಾಚಿದರು. ಅಣ್ಣ ಹಾಳೆಯನ್ನು ಎದೆಗೆ ಎಳೆದುಕೊಂಡರು. ಆ ಕ್ಷಣದಲ್ಲಿ ನನಗೆ ಇಡೀ ಸಮಾವೇಶವೇ ಬೇಡವಾಗಿತ್ತು.

ಆಮೇಲೆ ಅಣ್ಣ ಹಾಳೆಯನ್ನು ಮತ್ತೆ ಮುಂದಿಟ್ಟುಕೊಂಡು ನೋಡಿದರು. ಕೈ ಎತ್ತಿದರು.

ಅಲ್ಲಿ ಭಾಷೆ ಬದಲಾಗುವ ಮಾತೇ ಇರಲಿಲ್ಲ. ಆದರೆ ದುಭಾಷಿಗೆ ಎತ್ತಿದ ಕೈ ಸಾಕಾಯಿತು. ಹಿಂದಿರುಗಿ ನೋಡಿದೆ, ಆಕೆ ಗುಂಡಿ ಒತ್ತಿ, ಅಣ್ಣನ ಕಡೆ ತಲೆಯಾಡಿಸಿದರು. ಪಕ್ಕದ ದುಭಾಷಿ ಹಾಳೆಯ ಮೇಲೆ ಬೆರಳಿಟ್ಟು ಪ್ಯಾರಾ ತೋರಿಸುತ್ತಿದ್ದರು. ಕೈ ಇಳಿಸದೆ ಅಣ್ಣ ಕಳಸದವರ ಸಾಲುಗಳನ್ನೇ ನೋಡುತ್ತಾ ನಿಂತರು. ಮೊದಲು ಒಬ್ಬ ವಯಸ್ಸಾದವರಿಗೆ ಅರ್ಥವಾಯಿತು. ಅವರು ಹೆಡ್‌ಫೋನನ್ನು ಕುತ್ತಿಗೆಯಿಂದ ಕಿವಿಗೆ ಏರಿಸಿದರು. ಪಕ್ಕದವರು ಅವರನ್ನು ನೋಡಿ ಏರಿಸಿದರು. ಸಾಲಿನಿಂದ ಸಾಲಿಗೆ ಹೋಯಿತು. ಎಲ್ಲರೂ ಹಾಕಿಕೊಳ್ಳುವ ತನಕ ಅಣ್ಣ ಕಾದರು. ಮೊದಲಿನ ಅಣ್ಣ ಆಗಿದ್ದರೆ ಯಾರಿಗೂ ಕಾಯದೆ ಅಷ್ಟರಲ್ಲಿ ಇನ್ನೊಂದು ಘಾಟಿ ಇಳಿದಿರುತ್ತಿದ್ದರು.

ಬಲಗಡೆಯ ಇಂಗ್ಲಿಷನ್ನು ಅವರು ಒಂದೊಂದೇ ವಾಕ್ಯವಾಗಿ ಹೇಳಿದರು. ನಾನು ಗಡಿಬಿಡಿಯಲ್ಲಿ ಚಾನೆಲ್ ತಿರುಗಿಸಿದೆ. ಹಿಂದೆಯೇ ಕನ್ನಡ ಬಂತು: "ಹೋದ ಸಲ ನಮ್ಮ ಮಾತು ನಿಮಗೆ ಮುಟ್ಟಲಿಲ್ಲ. ಅದು ನಮ್ಮ ತಪ್ಪು. ಈ ಸಲ ಮುಟ್ಟಬೇಕು. ಮುಟ್ಟದಿದ್ದರೆ ಕೈ ಎತ್ತಿ. ನಾನು ನಿಲ್ಲುತ್ತೇನೆ." ಕೊನೆಯ ಎರಡು ವಾಕ್ಯ ಹಾಳೆಯಲ್ಲಿ ಇರಲಿಲ್ಲ. ಅಣ್ಣ ಅಲ್ಲೇ ಸೇರಿಸಿದ್ದರು. ಆಕೆ ಹಾಳೆ ಓದಿದ್ದರೆ ಅವೆರಡೂ ಕಳಸದವರಿಗೆ ಸಿಗುತ್ತಿರಲಿಲ್ಲ.

ಕಡೆಯ ಪ್ಯಾರಾಕ್ಕೆ ಮತ್ತೆ ಕೈ ಎತ್ತಿ ಕನ್ನಡಕ್ಕೆ ಬಂದು, ಎಲ್ಲರಿಗೂ ಸ್ವಾಗತ ಎಂದು ಹೇಳಿ ಮುಗಿಸಿದರು. ಚಪ್ಪಾಳೆ ಮೊದಲು ನಡುವಿನ ಸಾಲುಗಳಿಂದ ಎದ್ದಿತು. ನನ್ನ ಮೈಯೆಲ್ಲ ಹಗುರವಾಗಿ, ಇದ್ದಕ್ಕಿದ್ದಂತೆ ನಗು ಬಂತು. ಅತ್ತಿಗೆಯ ಮಣಿಕಟ್ಟನ್ನು ನಾನು ಇನ್ನೂ ಹಿಡಿದೇ ಇದ್ದೆ. "ಕೈ ಬಿಡೇ, ನೋಯ್ತದೆ," ಎಂದರು. ಅವರೂ ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ಆ ದಿನ ಕಳಸದವರು ಊಟವಾದ ಮೇಲೂ ಹೋಗಲಿಲ್ಲ. ಕೊಳ್ಳುವವರನ್ನು ದರದ ವಿಷಯದಲ್ಲಿ ಅವರು ಪ್ರಶ್ನೆ ಕೇಳಿ ಬೆವರಿಳಿಸಿದ್ದು ಬೇರೆಯೇ ಕಥೆ.

ಊಟಕ್ಕೆ ಮೊದಲಿನ ಟೀ ಬಿಡುವಿನಲ್ಲಿ ಪತ್ರಿಕೆಯವನೊಬ್ಬ ಬಂದಿದ್ದ. ನಮ್ಮ ಕಡೆಯವನೇ, ಅಣ್ಣನ ಮನೆಗೆ ಬಂದುಹೋಗಿ ಅಭ್ಯಾಸವಿದ್ದವನು. ಎಂದಿನಂತೆ ಅತ್ತಿಗೆಯ ಕಡೆಗೆ ತಿರುಗಿ, "ಸರ್‌ಗೆ ವೇದಿಕೆ ಮೇಲೆ ಹೇಗನ್ನಿಸ್ತಂತೆ ಮೇಡಂ?" ಎಂದು ಕೇಳಿದ.

ಅತ್ತಿಗೆ ಬಾಯಿ ತೆರೆದರು. ಮುಚ್ಚಿದರು. "ಅವ್ರನ್ನೇ ಕೇಳಿ. ಸ್ವಲ್ಪ ಹೊತ್ತಾಗ್ತದೆ, ಕಾಯಿರಿ," ಎಂದರು.

ಅವನು ಪೆನ್ನು ಹಿಡಿದು ನಿಂತ. ನಾವೂ ನಿಂತೆವು. ಟೀ ಆರುತ್ತಿತ್ತು.

"ಹೆದರಿಕೆ..." ಎಂದರು ಅಣ್ಣ. "ಬಹಳ ಹೆದರಿಕೆ... ಇತ್ತು. ಒಂದು ವರ್ಷದಿಂದ... ಇತ್ತು." ಆಮೇಲೆ ತಿಂಡಿಯ ಮೇಜಿನ ಕಡೆ ನೋಡಿ, "ಈಗ... ಹಸಿವು," ಎಂದರು.

ಪತ್ರಿಕೆಯವನು ಹೋದ ಮೇಲೆ ಅತ್ತಿಗೆ ನನ್ನ ಹೆಗಲು ಹಿಡಿದುಕೊಂಡರು. "ನಾನಾಗಿದ್ರೆ 'ಬಹಳ ಸಂತೋಷ ಆಯ್ತಂತೆ' ಅಂತ ಹೇಳಿಬಿಡ್ತಿದ್ದೆ ಕಣೇ," ಎಂದರು. ಆಮೇಲೆ ಅಣ್ಣನಿಗೆ ಏನು ತಿನ್ನಲು ಬೇಕು ಎಂದು ಕೇಳಿ, ತಟ್ಟೆ ಹಿಡಿದು ಉತ್ತರಕ್ಕೆ ಕಾಯುತ್ತಾ ನಿಂತರು.